ಒಂದು ಪುಟ, ಒಂದು ‘ನೀನು’

ಈ ವರ್ಷ ನಮ್ಮ ಓದುಗುಂಪಿನ ಐದು ಜನ ಏನು ಮಾಡಿದಿರಿ ಅಂತ ಯಾರಾದರೂ ಕೇಳಿದರೆ, ಒಂದು ಪುಟ ಅನುವಾದ ಮಾಡಿದೆವು ಅಂತ ಹೇಳಬೇಕಾಗುತ್ತದೆ. ಒಂದೇ ಪುಟ, ಮೂವತ್ತೊಂದು ಸಾಲು. ಅದಕ್ಕೆ ಆರು ಶನಿವಾರ ಹಿಡಿಯಿತು. ಇದನ್ನು ಕೇಳಿ ನಗುವವರಿಗೆ ನಾವು ಹೇಳುವುದಿಷ್ಟೇ: ಆ ಪುಟದಲ್ಲಿ ಕಷ್ಟದ ಶಬ್ದ ಒಂದೂ ಇರಲಿಲ್ಲ. ನಿಘಂಟು ತೆಗೆಯಬೇಕಾದ ಪದಗಳನ್ನೆಲ್ಲ ಮೊದಲ ಶನಿವಾರವೇ ಮುಗಿಸಿದ್ದೆವು. ಉಳಿದ ಐದು ವಾರ ಹೋದದ್ದು ದಡದಡ, ಧಸಕ್, ಅತ್ತೆ, ಅತ್ತಿಗೆ, ನೀವು, ನೀನು ಇಂಥ ಪದಗಳ ಜೊತೆಗೆ. ಇವೆಲ್ಲ ಮೂರು ವರ್ಷದ ಮಗುವಿಗೂ ಗೊತ್ತಿರುವ ಮಾತುಗಳು.

ಪುಟ ನಮ್ಮ ಕೈಗೆ ಬಂದದ್ದು ಫೋಟೋ ರೂಪದಲ್ಲಿ. ನಮ್ಮಲ್ಲಿ ಒಬ್ಬಳು ಹುಟ್ಟಿ ಬೆಳೆದದ್ದು ಸ್ಕಾರ್‌ಬರೋದಲ್ಲಿ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅವಳ ಅಜ್ಜಿ ಇರುವುದು ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ. ರಟ್ಟು ಹರಿದುಹೋದ ಹಳೆಯ ಕಾದಂಬರಿಯೊಂದರ 142ನೇ ಪುಟವನ್ನು ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದ್ದರು. ಜೊತೆಗೆ ಒಂದು ಧ್ವನಿ ಸಂದೇಶ: ‘ಇದನ್ನ ಯಾರ ಹತ್ರಾದ್ರೂ ಓದಿಸ್ಕೋ ಮಗಾ.’ ಯಾಕೆ ಅಂತ ಹೇಳಿರಲಿಲ್ಲ. ಪುಟದ ಅಂಚಿನಲ್ಲಿ ಒಂದು ಸಾಲಿನ ಎದುರು ಪೆನ್ಸಿಲಿನ ಗೀಟು ಮಾತ್ರ ಇತ್ತು. ಓದಿ ಹೇಳುವುದಕ್ಕೆ ಹತ್ತು ನಿಮಿಷ ಸಾಕಿತ್ತು. ಆದರೆ ಅವಳ ತಮ್ಮಂದಿರಿಗೆ ಕನ್ನಡ ಅರ್ಥವೂ ಆಗುವುದಿಲ್ಲ, ಅವರೂ ಓದಬೇಕು ಅಂದಳು. ಹಾಗಾಗಿ ಇಂಗ್ಲಿಷಿಗೆ ತರಲು ಕೂತೆವು.

ಪುಟದಲ್ಲಿ ನಡೆಯುವುದು ಇಷ್ಟು. ಮಲೆನಾಡಿನ ಒಂದು ಕೂಡುಕುಟುಂಬ. ಹಿರಿಮಗ ತೀರಿಕೊಂಡು ಹದಿಮೂರು ದಿನ ಕಳೆದಿದೆ. ಅವನ ಹೆಂಡತಿ ಅಡಿಗೆಮನೆಯಲ್ಲಿ ಒಲೆ ಮುಂದೆ ಕೂತಿದ್ದಾಳೆ. ಗಂಡನ ಕಾಹಿಲೆಯ ದಿನಗಳಲ್ಲಿ ಮೈದುನ ತನ್ನನ್ನು ಎಷ್ಟು ಕಾಳಜಿಯಿಂದ ಮಾತಾಡಿಸುತ್ತಿದ್ದ ಅನ್ನುವುದನ್ನು ನೆನೆಸಿಕೊಳ್ಳುತ್ತಿದ್ದಾಳೆ. ಅಷ್ಟರಲ್ಲಿ ಅದೇ ಮೈದುನ ಅಟ್ಟದಿಂದ ಇಳಿದು ಬಂದು ಪೆಟ್ಟಿಗೆಯ ಬೀಗದಕೈ ಕೇಳುತ್ತಾನೆ. ಅತ್ತೆ ನಡುವೆ ಬಂದು ಸೊಸೆಯನ್ನು ಸುಮ್ಮನಿರಿಸುತ್ತಾರೆ. ಅಲ್ಲಿಗೆ ಪುಟ ಮುಗಿಯುತ್ತದೆ. ಪೆನ್ಸಿಲ್ ಗೀಟು ಇದ್ದದ್ದು ಮೈದುನ ಬೀಗದಕೈ ಕೇಳುವ ಸಾಲಿನ ಎದುರು. ಪುಸ್ತಕ ಬೇರೆಯವರದು, ಅದರ ಸಾಲುಗಳನ್ನು ಇಲ್ಲಿ ಅಚ್ಚು ಹಾಕುವುದು ಸರಿಯಲ್ಲ. ಆದ್ದರಿಂದ ಅದೇ ಕಟ್ಟಿನ ನಮ್ಮದೇ ವಾಕ್ಯಗಳನ್ನು ಮಾಡಿಕೊಂಡು ಇಲ್ಲಿ ವಿವರಿಸುತ್ತಿದ್ದೇವೆ.

ಫೋಟೋದೊಳಗೆ ಕಾಣದ ಅಕ್ಷರ

ಮೊದಲು ಪುಟವನ್ನು ಸರಿಯಾಗಿ ಓದಬೇಕಲ್ಲ. ಅದು ಪುಸ್ತಕದ ಎಡಗಡೆಯ ಪುಟ, ಹಾಗಾಗಿ ಸಾಲುಗಳ ಕೊನೆ ಬರುವುದು ಹೊಲಿಗೆಯ ಕಡೆಗೆ. ಅಲ್ಲಿ ಕಾಗದ ಬಾಗಿ ನೆರಳು ಬಿದ್ದು, ಪ್ರತಿ ಸಾಲಿನ ಕೊನೆಯ ಎರಡು ಮೂರು ಅಕ್ಷರ ಮಸುಕಾಗಿದ್ದವು. ಕನ್ನಡ ಲಿಪಿಗೆ ಇಂಥ ಫೋಟೋದಲ್ಲಿ ಇನ್ನೊಂದು ಕಷ್ಟ ಇದೆ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ದೀರ್ಘ ಪಕ್ಕಕ್ಕೆ ಹೋಗುತ್ತದೆ. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳ ನಡುವಿನ ವ್ಯತ್ಯಾಸ ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಸೀಳು ಮಾತ್ರ. ಫೋಟೋ ಸ್ವಲ್ಪ ಅಲುಗಾಡಿದರೂ ಆ ಸೀಳು ಮುಚ್ಚಿಹೋಗುತ್ತದೆ.

ಸಾಮಾನ್ಯ ಪದಗಳಲ್ಲಿ ಇದರಿಂದ ತೊಂದರೆಯಿಲ್ಲ. ‘ಬಾಗಿ’ ಕಂಡು ಮುಂದಿನದು ಕಾಣದಿದ್ದರೂ ಅಡಿಗೆಮನೆಯ ಮಾತು ನಡೆಯುತ್ತಿದೆ, ಅದು ‘ಬಾಗಿಲು’ ಅಂತ ತಿಳಿಯುತ್ತದೆ. ಆದರೆ ಅನುಕರಣ ಪದಗಳಿಗೆ ಸಂದರ್ಭದ ಆಸರೆ ಅಷ್ಟು ಸಿಗುವುದಿಲ್ಲ. ಮೆಟ್ಟಿಲು ಇಳಿಯುವವನು ದಡದಡ ಇಳಿಯಬಹುದು, ದಬದಬ ಇಳಿಯಬಹುದು, ಧಡಧಡ ಕೂಡ ಇಳಿಯಬಹುದು. ಮೂರೂ ಬೇರೆ ಬೇರೆ ತೂಕದ ಇಳಿಯುವಿಕೆ. ಅದೇ ರೀತಿ ‘ನೀ’ ಅನ್ನುವಷ್ಟು ಕಂಡು ಉಳಿದದ್ದು ನೆರಳಿನಲ್ಲಿದ್ದರೆ ಅದು ನೀವು ಆಗಬಹುದು, ನೀನು ಆಗಬಹುದು.

ನಾವು ಅನುಮಾನದ ಜಾಗಗಳಿಗೆಲ್ಲ ಸಂಖ್ಯೆ ಹಾಕಿದೆವು. ಹದಿನಾಲ್ಕು ಬಂದವು. ಆಮೇಲೆ ಅಜ್ಜಿಗೆ ಫೋನ್ ಮಾಡಿ ಇನ್ನೊಂದು ಫೋಟೋ ಕೇಳಿದೆವು. ಈ ಸಲ ಹೇಗೆ ತೆಗೆಯಬೇಕು ಅಂತಲೂ ಹೇಳಿದೆವು: ಪುಸ್ತಕ ಕಿಟಕಿ ಪಕ್ಕದ ಮೇಜಿನ ಮೇಲಿರಲಿ, ಬೆಳಕು ಹಗಲಿನದೇ ಆಗಿರಲಿ, ಫ್ಲಾಶ್ ಬೇಡ, ಎದುರು ಪುಟವನ್ನು ಒಬ್ಬರು ಕೈಯಲ್ಲಿ ಒತ್ತಿ ಹಿಡಿಯಲಿ, ಫೋನು ಪುಟಕ್ಕೆ ನೇರವಾಗಿ ಮೇಲಿರಲಿ. ಇಡೀ ಪುಟದ್ದು ಒಂದು, ಹೊಲಿಗೆ ಕಡೆಯ ಅರ್ಧದ್ದು ಹತ್ತಿರದಿಂದ ಇನ್ನೊಂದು. ಪಕ್ಕದ ಮನೆಯ ಹುಡುಗ ಬಂದು ತೆಗೆದುಕೊಟ್ಟ. ಹದಿನಾಲ್ಕರಲ್ಲಿ ಹನ್ನೊಂದು ಬಗೆಹರಿದವು. ಉಳಿದ ಮೂರು ಹೊಲಿಗೆಯ ಒಳಕ್ಕೇ ಹೋಗಿದ್ದವು. ಇನ್ನೂ ಅಗಲಿಸಿದರೆ ಪುಸ್ತಕದ ಬೆನ್ನು ಮುರಿಯುತ್ತಿತ್ತು.

ಆ ಮೂರರಲ್ಲಿ ಒಂದು, ಪೆನ್ಸಿಲ್ ಗೀಟಿದ್ದ ಸಾಲಿನ ‘ನೀ’.

ಅದನ್ನು ಬಿಡಿಸಿಕೊಟ್ಟದ್ದು ವ್ಯಾಕರಣ. ಕನ್ನಡದಲ್ಲಿ ಮರ್ಯಾದೆ ಒಂದೇ ಜಾಗದಲ್ಲಿ ಇರುವುದಿಲ್ಲ, ಸರ್ವನಾಮದಲ್ಲೂ ಇರುತ್ತದೆ, ಕ್ರಿಯಾಪದದ ಬಾಲದಲ್ಲೂ ಇರುತ್ತದೆ. ನೀವು ಅಂದರೆ ‘ಎಲ್ಲಿಟ್ಟಿದ್ದೀರಿ’, ನೀನು ಅಂದರೆ ‘ಎಲ್ಲಿಟ್ಟಿದ್ದೀ’. ಸರ್ವನಾಮ ನೆರಳಿನಲ್ಲಿ ಹೋದರೂ ಕ್ರಿಯಾಪದ ಮುಂದಿನ ಸಾಲಿನ ಮೊದಲಲ್ಲಿ, ಒಳ್ಳೆ ಬೆಳಕಿನಲ್ಲಿ ಕೂತಿತ್ತು. ಅದರಲ್ಲಿ ‘ರಿ’ ಇರಲಿಲ್ಲ. ಹಾಗಾದರೆ ಅದು ನೀನು. ಮೇಲಿನ ನೆನಪಿನ ಭಾಗದಲ್ಲಿ ಅದೇ ಮೈದುನ ಅವಳಿಗೆ ಎರಡು ಸಲ ‘ಅತ್ತಿಗೆ’ ಅಂದು, ಬಹುವಚನದಲ್ಲೇ ಮಾತಾಡಿದ್ದ. ಹದಿನೈದು ಸಾಲು ಕೆಳಗೆ ಬರುವಷ್ಟರಲ್ಲಿ ಅತ್ತಿಗೆಯೂ ಇಲ್ಲ, ಬಹುವಚನವೂ ಇಲ್ಲ. ಅಜ್ಜಿ ಗೀಟು ಹಾಕಿದ್ದು ಯಾಕೆ ಅಂತ ಆಗ ಸ್ವಲ್ಪ ಹೊಳೆಯಿತು. ಇಡೀ ಪುಟ ತಿರುಗುವುದು ಆ ಒಂದು ಪದದ ಮೇಲೆ. ಇಂಗ್ಲಿಷಿನಲ್ಲಿ ಎರಡಕ್ಕೂ ಇರುವುದು ಒಂದೇ ‘ಯೂ’.

ದಡದಡ ಮತ್ತು ಧಸಕ್

ಆ ತಿರುವಿಗೆ ಬರುವ ಮೊದಲು ಪುಟ ಶಬ್ದಗಳಿಂದ ತುಂಬಿಕೊಳ್ಳುತ್ತದೆ. ಅದರ ಮಾದರಿಯಲ್ಲಿ ನಮ್ಮ ವಾಕ್ಯಗಳು: ‘ಹೊರಗೆ ಮಳೆ ಧೋ ಅಂತ ಸುರಿಯುತ್ತಿತ್ತು. ಅವನು ಅಟ್ಟದಿಂದ ದಡದಡ ಇಳಿದು ಬಂದ. ಬಾಗಿಲು ಕಿರ್ರೆಂದಿತು. ಅವಳ ಎದೆ ಧಸಕ್ಕೆಂದಿತು.’

ಮೊದಲು ಬಂದ ಸಲಹೆ, ಇವನ್ನೆಲ್ಲ ಹಾಗೇ ಬಿಟ್ಟುಬಿಡೋಣ, ‘ಘಾಚರ್ ಘೋಚರ್’ ಹಾಗೇ ಬಿಡಲಿಲ್ಲವಾ ಅಂತ. ವಿವೇಕ ಶಾನಭಾಗರ ಆ ಕಾದಂಬರಿ ಕನ್ನಡದಲ್ಲಿ ಬಂದದ್ದು 2013ರಲ್ಲಿ. ಶ್ರೀನಾಥ ಪೆರೂರು ಮಾಡಿದ ಇಂಗ್ಲಿಷ್ ಅನುವಾದ 2015ರಲ್ಲಿ ಭಾರತದಲ್ಲಿ, 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಹೆಸರು ಎರಡರಲ್ಲೂ ಒಂದೇ. ಆದರೆ ಅಲ್ಲಿನ ಪರಿಸ್ಥಿತಿ ಬೇರೆ. ಘಾಚರ್ ಘೋಚರ್ ಅನ್ನುವುದು ಕಥೆಯೊಳಗಿನ ಒಂದು ಮನೆಯವರು ತಮ್ಮೊಳಗೇ ಕಟ್ಟಿಕೊಂಡ ಮಾತು. ಗೋಜಲಾದದ್ದಕ್ಕೆ ಆ ಮನೆಯವರು ಇಟ್ಟ ಹೆಸರು ಅದು. ಕನ್ನಡ ಓದುಗರಿಗೂ ಅದು ಮೊದಲ ಸಲ ಕೇಳುವ ಪದವೇ. ಹಾಗಾಗಿ ಇಂಗ್ಲಿಷ್ ಓದುಗರೂ ಕನ್ನಡ ಓದುಗರೂ ಅದರ ಎದುರು ಒಂದೇ ಜಾಗದಲ್ಲಿ ನಿಲ್ಲುತ್ತಾರೆ. ದಡದಡ ಹಾಗಲ್ಲ. ಅದು ನಮಗೆ ಹಳೆಯ ಪರಿಚಯ, ಓದುವಾಗ ಪದ ಕಾಣುವುದೇ ಇಲ್ಲ, ಕಾಲಿನ ಸದ್ದೇ ಕೇಳುತ್ತದೆ. ಅದನ್ನು ರೋಮನ್ ಅಕ್ಷರದಲ್ಲಿ ಬರೆದು ಕೊಟ್ಟಾಗ ನಮ್ಮ ರೂಮ್‌ಮೇಟ್ ಒಬ್ಬ ‘ಡಾಡಾ ಡಾಡಾ’ ಅಂತ ಓದಿ, ಅಪ್ಪನನ್ನು ಕರೀತಿದಾನಾ ಅಂತ ಕೇಳಿದ. ಮೂಲದ ಓದುಗರಿಗೂ ಹೊಸದಾದ ಸದ್ದನ್ನು ಹಾಗೇ ಉಳಿಸುವುದು, ಅವರಿಗೆ ಪರಿಚಿತವಾದದ್ದನ್ನು ಇಂಗ್ಲಿಷಿನ ಪರಿಚಿತ ಸದ್ದಿಗೆ ತರುವುದು ಅಂತ ಅಲ್ಲಿಗೆ ತೀರ್ಮಾನ ಮಾಡಿದೆವು.

ತರುವುದು ಹೇಗೆ? ಎರಡೂ ಭಾಷೆಗಳು ಸದ್ದನ್ನು ಎಲ್ಲಿ ಇಡುತ್ತವೆ ಅಂತ ನೋಡಿದಾಗ ದಾರಿ ಕಂಡಿತು. ಕನ್ನಡದಲ್ಲಿ ಕ್ರಿಯಾಪದ ಸಾದಾ ಇರುತ್ತದೆ: ಇಳಿದ, ಸುರಿಯಿತು, ಅಂದಿತು. ಸದ್ದು ಅದರ ಪಕ್ಕದಲ್ಲಿ ಪ್ರತ್ಯೇಕ ಪದವಾಗಿ ಬರುತ್ತದೆ. ಇಂಗ್ಲಿಷಿನಲ್ಲಿ ಸದ್ದು ಕ್ರಿಯಾಪದದ ಒಳಗೇ ಇರುತ್ತದೆ. ಕ್ರೀಕ್, ಥಡ್, ಕ್ಲ್ಯಾಟರ್, ಪೌಂಡ್ ಇವೆಲ್ಲ ಕ್ರಿಯೆಯೂ ಹೌದು, ಸದ್ದೂ ಹೌದು. ಹಾಗಾಗಿ ಕನ್ನಡದ ಎರಡು ಪದ ಇಂಗ್ಲಿಷಿನಲ್ಲಿ ಒಂದಾಗುತ್ತದೆ. ‘ದಡದಡ ಇಳಿದ’ ಅನ್ನುವುದಕ್ಕೆ ಮೊದಲು ಕ್ಲ್ಯಾಟರ್ಡ್ ಅಂತ ಹಾಕಿಕೊಂಡಿದ್ದೆವು. ಆಮೇಲೆ ಒಬ್ಬರು ಕೇಳಿದರು, ಅವನ ಕಾಲಲ್ಲಿ ಏನಿತ್ತು ಅಂತ. ಮಲೆನಾಡಿನ ಮನೆಯೊಳಗೆ ಚಪ್ಪಲಿ ಯಾರು ಹಾಕುತ್ತಾರೆ? ಬರಿಗಾಲು, ಮರದ ಮೆಟ್ಟಿಲು. ಕ್ಲ್ಯಾಟರ್ ಅಂದರೆ ಗಟ್ಟಿ ಹಿಮ್ಮಡಿಯ ಬೂಟಿನ ಸದ್ದು. ಬರಿಗಾಲಿನ ಭಾರಕ್ಕೆ ಪೌಂಡೆಡ್ ಸರಿ ಅನ್ನಿಸಿತು.

ಧಸಕ್ ಬೇರೆ ಜಾತಿಯದು. ಅದು ಸದ್ದೇ ಅಲ್ಲ, ಎದೆ ಹಾಗೆ ಸದ್ದು ಮಾಡುವುದಿಲ್ಲ. ಚುರ್ ಅನ್ನುವುದು, ಜುಮ್ ಅನ್ನುವುದು, ಕಣ್ಣು ಪಿಳಿಪಿಳಿ ಬಿಡುವುದು, ದೀಪ ಮಿಣಮಿಣ ಅನ್ನುವುದು ಇವುಗಳ ಹಾಗೆ ಅದೂ ಒಳಗಿನ ಅನುಭವಕ್ಕೆ, ನೋಟಕ್ಕೆ ಕೊಟ್ಟ ಸದ್ದಿನ ರೂಪ. ಕಿಟ್ಟೆಲ್ಲರ 1894ರ ನಿಘಂಟು ಇಂಥ ಕೆಲಸಕ್ಕೆ ಈಗಲೂ ಉಪಯೋಗಕ್ಕೆ ಬರುತ್ತದೆ, ಅನುಕರಣ ಪದಗಳನ್ನು ಅವರು ಹೇರಳವಾಗಿ ಕೂಡಿಹಾಕಿದ್ದಾರೆ. ಆದರೆ ನಿಘಂಟಿನ ಅರ್ಥಕ್ಕಿಂತ ಪದದ ಆಕಾರವೇ ಹೆಚ್ಚು ಹೇಳುತ್ತದೆ. ಢವಢವ, ಪಟಪಟ, ಸರಸರ ಹೀಗೆ ಜೋಡಿಯಾಗಿ ಬಂದರೆ ಕ್ರಿಯೆ ನಡೆಯುತ್ತಲೇ ಇದೆ ಅಂತ. ಪಟ್ಟನೆ, ಸರ್ರನೆ ಅಂತ ಒಂಟಿಯಾಗಿ ಬಂದರೆ ಒಂದೇ ಸಲ. ಟಪಕ್, ಲಬಕ್, ಧಸಕ್ ಹೀಗೆ ಕೊನೆಯಲ್ಲಿ ‘ಕ್’ ಇದ್ದರೆ ಒಂದೇ ಸಲ, ಥಟ್ಟನೆ, ಅಲ್ಲಿಗೇ ನಿಂತಿತು ಅಂತ. ಇಂಗ್ಲಿಷಿನಲ್ಲಿ ಎದೆಗೆ ಸಾಮಾನ್ಯವಾಗಿ ಹೇಳುವ ಸ್ಯಾಂಕ್, ನಿಧಾನವಾಗಿ ಮುಳುಗುವುದು. ಧಸಕ್ಕಿಗೆ ಆ ನಿಧಾನ ಇಲ್ಲ. ಡ್ರಾಪ್ಡ್ ಅಂತ ಹಾಕಿದೆವು. ಚಿಕ್ಕದು, ಕೊನೆಯಲ್ಲಿ ಗಟ್ಟಿ ವ್ಯಂಜನ, ಬಾಯಿ ಮುಚ್ಚಿಕೊಂಡು ನಿಲ್ಲುತ್ತದೆ.

ಒಂದು ಸದ್ದನ್ನು ಮಾತ್ರ ಬೇಕೆಂದೇ ಬಿಟ್ಟೆವು. ನಾಲ್ಕು ವಾಕ್ಯಕ್ಕೆ ನಾಲ್ಕು ಅನುಕರಣ ಪದ ಕನ್ನಡದಲ್ಲಿ ದಿನನಿತ್ಯದ ಮಾತಿನ ಹಾಗಿರುತ್ತದೆ. ಇಂಗ್ಲಿಷಿನಲ್ಲಿ ನಾಲ್ಕೂ ಕ್ರಿಯಾಪದ ಸದ್ದು ಮಾಡಿದರೆ ಅದು ಮಕ್ಕಳ ಚಿತ್ರಕಥೆಯ ಹಾಗೆ ಕೇಳುತ್ತದೆ, ಸೂತಕ ಕಳೆದ ಮನೆಯ ಹಾಗೆ ಅಲ್ಲ. ಜೋರಾಗಿ ಓದಿ ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ. ಮಳೆ ಸುಮ್ಮನೆ ಸುರಿಯಲಿ ಅಂತ ಬಿಟ್ಟು, ಮೆಟ್ಟಿಲು, ಬಾಗಿಲು, ಎದೆ ಈ ಮೂರನ್ನು ಉಳಿಸಿಕೊಂಡೆವು. ಸದ್ದು ಹೊರಗಿನಿಂದ ಅವಳ ಹತ್ತಿರ ಬರುತ್ತಾ ಕೊನೆಗೆ ಒಳಗೆ ಹೋಗುವ ಕ್ರಮ ಹಾಗೇ ಉಳಿಯಿತು.

ಅತ್ತೆಗೆ ಯಾವ ಹೆಸರು

ಸಂಬಂಧದ ಪದಗಳಲ್ಲಿ ಮೊದಲ ತೊಡಕು ಅತ್ತೆಯದು. ಈ ಕಥೆಯಲ್ಲಿ ಅವಳು ಮದುವೆಯಾದದ್ದು ಸೋದರತ್ತೆಯ ಮಗನನ್ನು. ಆದ್ದರಿಂದ ಅತ್ತೆ ಅಂದರೆ ಗಂಡನ ತಾಯಿಯೂ ಹೌದು, ಅಪ್ಪನ ತಂಗಿಯೂ ಹೌದು. ಕನ್ನಡದಲ್ಲಿ ಇದಕ್ಕೆ ವಿವರಣೆಯೇ ಬೇಡ, ಹುಟ್ಟಿದಾಗಿನಿಂದ ಕರೆದ ಹೆಸರನ್ನೇ ಮದುವೆಯಾದ ಮೇಲೂ ಕರೆಯುತ್ತಾಳೆ. ಇಂಗ್ಲಿಷಿನಲ್ಲಿ ಆಂಟ್ ಅಂದರೆ ಅರ್ಧ ಹೋಯಿತು, ಮದರ್ ಇನ್ ಲಾ ಅಂದರೆ ಇನ್ನರ್ಧ ಹೋಯಿತು. ಪುಟದ ಕೊನೆಯಲ್ಲಿ ಅತ್ತೆ ತನ್ನ ಹೊಟ್ಟೆಯ ಮಗನನ್ನು ಬಿಟ್ಟು ಸೊಸೆಯ ಪಕ್ಕ ನಿಲ್ಲುವುದಕ್ಕೆ ಈ ಎರಡೂ ಅರ್ಧಗಳು ಬೇಕು.

ಇಂಗ್ಲಿಷಿನಲ್ಲಿ ಇಲ್ಲದ್ದನ್ನು ಇಲ್ಲಿನ ಓದುಗರಿಗೆ ಹೇಗೆ ಹೇಳುವುದು ಅಂತ ಯೋಚಿಸುವಾಗ ನಮ್ಮಲ್ಲಿ ಮಾನವಶಾಸ್ತ್ರ ಓದುವವರು ಒಂದು ಸಂಗತಿ ತೆಗೆದರು. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಪಂಚದ ರಕ್ತಸಂಬಂಧದ ಪದಗಳ ದೊಡ್ಡ ಪುಸ್ತಕ ಪ್ರಕಟಿಸಿದರು. ಅವರ ಕೆಲಸ ಶುರುವಾದದ್ದು ಒಂಟಾರಿಯೋ ಸರೋವರದ ದಕ್ಷಿಣದ ಸೆನೆಕಾ ಜನರಿಂದ. ಸೆನೆಕಾ ಭಾಷೆಯಲ್ಲಿ ಅಪ್ಪನ ಅಣ್ಣತಮ್ಮಂದಿರೂ ಅಪ್ಪಂದಿರೇ, ಅಮ್ಮನ ಅಕ್ಕತಂಗಿಯರೂ ಅಮ್ಮಂದಿರೇ. ಅಪ್ಪನ ತಂಗಿ, ಅಮ್ಮನ ಅಣ್ಣ ಇವರಿಗೆ ಮಾತ್ರ ಬೇರೆ ಪದ. ನಮ್ಮ ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ ಒಂದು ಕಡೆ, ಅತ್ತೆ, ಮಾವ ಇನ್ನೊಂದು ಕಡೆ ಇರುವ ಹಾಗೇ. ತಮಿಳು, ತೆಲುಗು, ಕನ್ನಡದ ಪಟ್ಟಿಗಳು ಕೈಗೆ ಬಂದಾಗ ಮಾರ್ಗನ್ ಈ ಹೋಲಿಕೆ ನೋಡಿ ಬೆರಗಾದರು. ಹದಿನೇಳನೇ ಶತಮಾನದ ಕೊನೆಯ ಭಾಗದಲ್ಲಿ ಸೆನೆಕಾ ಜನರ ಊರು ಇಲ್ಲೇ, ಟೊರಾಂಟೊದ ಹಂಬರ್ ನದಿ ದಂಡೆಯಲ್ಲಿ, ಈಗಿನ ಬೇಬಿ ಪಾಯಿಂಟಿನಲ್ಲಿ ಇತ್ತು. ಅಂದರೆ ಚಿಕ್ಕಪ್ಪನನ್ನೂ ಮಾವನನ್ನೂ ಒಂದೇ ‘ಅಂಕಲ್’ ಮಾಡದ ಭಾಷೆ ಈ ಊರಿಗೆ ಹೊಸದಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ಅತ್ತೆಯೇ ಗಂಡನ ತಾಯಿ, ಮಾವನೇ ಗಂಡನ ತಂದೆ ಆಗುವ ನಮ್ಮ ಲೆಕ್ಕ ಸೆನೆಕಾದಲ್ಲಿ ಇಲ್ಲ. ನಮ್ಮ ಪುಟಕ್ಕೆ ಬೇಕಾದದ್ದು ಅದೇ ಲೆಕ್ಕ.

ಪದವನ್ನೇ ಉಳಿಸುವುದು ಒಂದು ದಾರಿ. ಪೆರೂರು ಅವರ ಅನುವಾದದಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ ಹಾಗೇ ಇದ್ದಾರೆ, ಎರಡು ಪುಟ ಕಳೆಯುವಷ್ಟರಲ್ಲಿ ಓದುಗರಿಗೆ ಅವು ಹೆಸರುಗಳೇ ಆಗಿಬಿಡುತ್ತವೆ. ಆದರೆ ನಮ್ಮ ಪುಟದಲ್ಲಿ ಅತ್ತೆ, ಅತ್ತಿಗೆ ಎರಡೂ ಇದ್ದಾರೆ. ರೋಮನ್ ಅಕ್ಷರದಲ್ಲಿ ಎರಡೂ ಅಕ್ಕಪಕ್ಕ ಬಂದರೆ ಹೊಸಬರಿಗೆ ಒಬ್ಬರೋ ಇಬ್ಬರೋ ಗೊತ್ತಾಗುವುದಿಲ್ಲ. ಒಂದನ್ನು ಮಾತ್ರ ಉಳಿಸಬಹುದಿತ್ತು. ಯಾವುದು? ಮೈದುನನ ಬಾಯಿಂದ ಕಾಣೆಯಾಗುವ ಪದ ಅತ್ತಿಗೆ. ಕಾಣೆಯಾಗಬೇಕಾದರೆ ಮೊದಲು ಅದು ಇರಬೇಕು. ಹಾಗಾಗಿ ಅತ್ತಿಗೆಯನ್ನು ಉಳಿಸಿದೆವು. ಅತ್ತೆ ಮೊದಲು ಬರುವ ವಾಕ್ಯದಲ್ಲಿ ‘ಅವಳ ಗಂಡನ ತಾಯಿ, ಅವಳ ಅಪ್ಪನ ತಂಗಿ’ ಅಂತ ಎರಡನ್ನೂ ಇಂಗ್ಲಿಷಿನಲ್ಲಿ ಹೇಳಿ, ಮುಂದೆಲ್ಲ ಆಂಟ್ ಮಾಡಿದೆವು. ಇನ್ನೊಂದು ಸಣ್ಣ ವಿಷಯ: ಲೇಖಕರು ನಿರೂಪಣೆಯಲ್ಲಿ ಸೊಸೆಗೆ ಅವಳು, ಅತ್ತೆಗೆ ಅವರು ಅನ್ನುತ್ತಾರೆ. ಶೀ ಅಂತ ಇಬ್ಬರಿಗೂ ಹಾಕಿದರೆ ಆ ಎತ್ತರ ಹೋಗುತ್ತದೆ. ಅತ್ತೆಗೆ ಸಾಧ್ಯವಾದ ಕಡೆಯೆಲ್ಲ ಸರ್ವನಾಮ ತಪ್ಪಿಸಿ, ಆಂಟ್ ಅಂತಲೇ ಹೇಳಿದೆವು.

ತಿರುವಿನ ಸಾಲು

ಈಗ ಗೀಟು ಹಾಕಿದ ಸಾಲು. ನಮ್ಮ ಮಾದರಿಯಲ್ಲಿ ಮೊದಲಿನ ಮೈದುನ: ‘ಅತ್ತಿಗೆ, ನೀವು ಸ್ವಲ್ಪ ಮಲಗಿ, ಅಣ್ಣನ್ನ ನಾನು ನೋಡ್ಕೋತೀನಿ.’ ಆಮೇಲಿನ ಮೈದುನ: ‘ಪೆಟ್ಟಿಗೆ ಬೀಗದಕೈ ನೀನು ಎಲ್ಲಿಟ್ಟಿದ್ದೀ?’ ಅದಕ್ಕೆ ಅತ್ತೆ ಸೊಸೆಯ ಕಡೆ ತಿರುಗಿ: ‘ನೀನು ಸುಮ್ನಿರು ಮಗಾ.’

ಇಲ್ಲಿ ಗಮನಿಸಬೇಕಾದದ್ದು, ನೀನು ಎರಡು ಸಲ ಬರುತ್ತದೆ, ಎರಡೂ ಒಂದೇ ಅಲ್ಲ. ಅತ್ತೆಯ ನೀನು ಪ್ರೀತಿಯದು. ದೇವರಿಗೆ, ಅಮ್ಮನಿಗೆ, ಮಕ್ಕಳಿಗೆ ನಾವು ಹೇಳುವ ನೀನು. ಮೈದುನನ ನೀನು ಕಿತ್ತುಕೊಳ್ಳುವ ನೀನು, ಊರಲ್ಲಿ ‘ಏಕವಚನದಲ್ಲಿ ಮಾತಾಡಿದ’ ಅಂತ ಜಗಳಕ್ಕೆ ಹೋಗುವ ನೀನು. ಪದ ನೋಡಿ ಅನುವಾದ ಮಾಡುವಂತಿಲ್ಲ, ಯಾರು ಯಾರಿಗೆ, ನಿನ್ನೆ ಏನು ಅನ್ನುತ್ತಿದ್ದವರು ಅಂತ ನೋಡಬೇಕು. ಹಳೆಯ ಇಂಗ್ಲಿಷಿನ ದೌ ಹಾಕೋಣ ಅಂತ ಒಂದು ಮಾತು ಬಂತು. ಒಂದು ಕಾಲಕ್ಕೆ ಅದು ಅವರ ನೀನು ಆಗಿತ್ತು, ನಿಜ. ಈಗ ಅದು ಪ್ರಾರ್ಥನೆಯ, ನಾಟಕದ ಭಾಷೆ. ಮೈದುನನಿಗೆ ಕಿರೀಟ ಇಟ್ಟ ಹಾಗಾಗುತ್ತದೆ.

ನಾವು ಮೂರು ರೂಪ ಮಾಡಿ, ಕನ್ನಡ ಬಾರದ ಮೂರು ಗೆಳೆಯರಿಗೆ ಒಂದೊಂದು ಕೊಟ್ಟೆವು. ಎಲ್ಲರಿಗೂ ಒಂದೇ ಪ್ರಶ್ನೆ: ಈ ಪುಟದಲ್ಲಿ ಏನಾಯಿತು, ಎಲ್ಲಿ ಆಯಿತು?

ಮೊದಲನೆಯದು ನೇರ ಅನುವಾದ. ಎರಡೂ ಕಡೆ ಯೂ, ಅತ್ತಿಗೆಗೆ ಸಿಸ್ಟರ್ ಇನ್ ಲಾ. ಓದಿದವನು ಹೇಳಿದ, ಒಬ್ಬ ಕೀ ಕೇಳಿದ, ಮನೆಯ ಹಿರಿಯರು ಸುಮ್ಮಸುಮ್ಮನೆ ಗಾಬರಿಯಾದರು ಅಂತ.

ಎರಡನೆಯದರಲ್ಲಿ ಅಡಿಟಿಪ್ಪಣಿ. ಟಿಪ್ಪಣಿ ಕೊಡುವುದಕ್ಕೆ ದೊಡ್ಡ ಉದಾಹರಣೆಯೇ ಇದೆ, ಎ.ಕೆ. ರಾಮಾನುಜನ್ 1976ರ ‘ಸಂಸ್ಕಾರ’ದ ಇಂಗ್ಲಿಷ್ ಅನುವಾದದ ಕೊನೆಯಲ್ಲಿ ಟಿಪ್ಪಣಿಗಳನ್ನೂ ಹಿನ್ನುಡಿಯನ್ನೂ ಕೊಟ್ಟಿದ್ದರು. ಆಚಾರ, ಪುರಾಣ ಇಂಥವಕ್ಕೆ ಅದು ಸರಿಹೋಗುತ್ತದೆ. ನಮ್ಮ ಸಾಲಿಗೆ ಹೊಂದಲಿಲ್ಲ. ಓದಿದವಳು ನಕ್ಷತ್ರದ ಗುರುತು ಹಿಡಿದು ಕೆಳಗೆ ಹೋಗಿ, ಮಾಹಿತಿ ಓದಿ, ಮೇಲೆ ಬಂದಳು. ಏನಾಯಿತು ಅಂತ ಸರಿಯಾಗಿಯೇ ಹೇಳಿದಳು, ಪಾಠ ಒಪ್ಪಿಸಿದ ಹಾಗೆ. ಬೈಗುಳ ಬಿದ್ದ ಕ್ಷಣದಲ್ಲಿ ಓದುಗರು ಪುಟದ ಬುಡದಲ್ಲಿದ್ದರೆ ಬಿದ್ದದ್ದು ಕಾಣುವುದಿಲ್ಲ.

ಮೂರನೆಯದರಲ್ಲಿ ಸರ್ವನಾಮವನ್ನು ಕೈಬಿಟ್ಟು, ಇಂಗ್ಲಿಷ್ ತನ್ನ ಮರ್ಯಾದೆಯನ್ನು ಎಲ್ಲಿ ಇಟ್ಟುಕೊಳ್ಳುತ್ತದೆ ಅಂತ ಹುಡುಕಿದೆವು. ಅದು ಇಡುವುದು ವುಡ್, ಕುಡ್, ವೋಂಟ್ ಯೂ ಇಂಥ ಸುತ್ತುಮಾತಿನಲ್ಲಿ. ಮಾತು ಉದ್ದವಾದಷ್ಟೂ ಮರ್ಯಾದೆ ಹೆಚ್ಚು. ಹಾಗಾಗಿ ನೆನಪಿನ ಭಾಗದಲ್ಲಿ ಮೈದುನನ ಮಾತನ್ನು ‘ಅತ್ತಿಗೆ’ ಇಂದ ಶುರು ಮಾಡಿ, ವೋಂಟ್ ಯೂ ಅಂತ ವಿನಂತಿಯ ರೂಪ ಕೊಟ್ಟೆವು, ಎರಡು ಕಡೆಯೂ. ಗೀಟಿನ ಸಾಲಿಗೆ ಬಂದಾಗ ಅತ್ತಿಗೆ ಇಲ್ಲ, ಸುತ್ತುಮಾತು ಇಲ್ಲ: ವೇರ್‌ಸ್ ದ ಕೀ. ಮೂರೇ ಪದ. ಅತ್ತೆಯ ಮಾತಿಗೆ ಮೈ ಚೈಲ್ಡ್ ಸೇರಿಸಿ, ಮಗಾ ಅನ್ನುವುದರ ಬೆಚ್ಚಗೆ ಉಳಿಸಿದೆವು. ಟಿಪ್ಪಣಿ ಇಲ್ಲ, ಅತ್ತಿಗೆ ಪದಕ್ಕೆ ಓರೆ ಅಕ್ಷರವೂ ಇಲ್ಲ. ಬಾನು ಮುಷ್ತಾಕ್ ಅವರ ಕಥೆಗಳನ್ನು ‘ಹಾರ್ಟ್ ಲ್ಯಾಂಪ್’ ಆಗಿ ತಂದು 2025ರ ಇಂಟರ್‌ನ್ಯಾಷನಲ್ ಬುಕರ್ ಹಂಚಿಕೊಂಡ ದೀಪಾ ಭಾಸ್ತಿ ಓರೆ ಅಕ್ಷರ ಬೇಡ ಅಂತಲೇ ಅನುವಾದಕಿಯ ಮಾತಿನಲ್ಲಿ ವಾದಿಸಿದ್ದಾರೆ. ನಮ್ಮ ಸಾಲಿಗೂ ಅದು ಸರಿ. ಓರೆ ಮಾಡಿದರೆ ಅತ್ತಿಗೆ ಪ್ರದರ್ಶನದ ವಸ್ತುವಾಗುತ್ತಾಳೆ, ಮನೆಯವಳಾಗುವುದಿಲ್ಲ.

ಮೂರನೆಯದನ್ನು ಓದಿದ ಹುಡುಗ ಸಡ್ಬರಿಯವನು. ಓದುತ್ತಾ ಹೋಗಿ ಕೀ ಕೇಳುವ ಸಾಲಿನ ಮೇಲೆ ಬೆರಳಿಟ್ಟ. ಇಲ್ಲಿ ಅವನು ಅವಳಿಂದ ಏನೋ ತೆಗೆದುಕೊಂಡ ಅಂದ. ಏನು ಅಂತ ಕೇಳಿದೆವು. ಆ ಹೆಸರು, ಮೊದಲು ಕರೆಯುತ್ತಿದ್ದನಲ್ಲ, ಅದು ಅಂದ.

ಈ ಉಪಾಯಕ್ಕೂ ಮಿತಿ ಇದೆ. ಮರ್ಯಾದೆಯ ಮಾತೂ ಮರ್ಯಾದೆ ತೆಗೆದ ಮಾತೂ ಒಂದೇ ಪುಟದಲ್ಲಿ ಇದ್ದದ್ದರಿಂದ ಇದು ನಡೆಯಿತು. ಇಡೀ ಕಾದಂಬರಿಯಾದರೆ ಮೊದಲ ಅಧ್ಯಾಯದಿಂದಲೇ ಅತ್ತಿಗೆ ಅನ್ನುವ ಕರೆಯನ್ನು ಓದುಗರ ಕಿವಿಗೆ ಹಾಕುತ್ತಾ ಬರಬೇಕು, ನೂರ ನಲವತ್ತು ಪುಟ ಆದಮೇಲೆ ಅದನ್ನು ತೆಗೆಯುವುದಕ್ಕೋಸ್ಕರ. ಇನ್ನು ಒಂದೇ ‘ನೀನು’ ಇಬ್ಬರ ಬಾಯಲ್ಲಿ ಎರಡಾಗುವ ಚಂದ ಇಂಗ್ಲಿಷಿಗೆ ಬರಲಿಲ್ಲ. ಅಲ್ಲಿ ಅವು ಎರಡು ಬೇರೆ ಬೇರೆ ವಾಕ್ಯಗಳಾಗಿ ಮಾತ್ರ ಉಳಿದವು.

ಆರನೇ ಶನಿವಾರ ರಾತ್ರಿ ಅಜ್ಜಿಗೆ ಅಲ್ಲಿ ಬೆಳಗ್ಗೆ. ಮೊಮ್ಮಗಳು ಫೋನಿನಲ್ಲಿ ಇಂಗ್ಲಿಷ್ ಪುಟವನ್ನು ಮತ್ತೆ ಕನ್ನಡ ಮಾಡುತ್ತಾ ಹೇಳಿದಳು. ಕೀ ಕೇಳುವ ಸಾಲಿಗೆ ಬಂದಾಗ ಅಜ್ಜಿ ಒಂದೇ ಕೇಳಿದರು: ‘ಅತ್ತಿಗೆ ಅಂತ ಅಂದನಾ ಇಲ್ವಾ, ನಿಮ್ಮ ಇಂಗ್ಲಿಷಿನಲ್ಲಿ?’ ಇಲ್ಲ ಅಜ್ಜಿ, ಅನ್ನಲಿಲ್ಲ ಅಂದಳು. ‘ಹಾಂ, ಹಂಗಾದ್ರೆ ಸರಿಯಾಗಿ ಬಂದಿದೆ. ನಮ್ಮನೇಲೂ ಹಿಂಗೇ ಆಯ್ತು. ನಿಮ್ಮಜ್ಜ ಹೋದ ತಿಂಗಳೊಳಗೆ.’ ಚಿಕ್ಕಜ್ಜನ ಮನೆಯವರು ಯಾಕೆ ತಮ್ಮ ಮನೆಯ ಯಾವ ಮದುವೆಗೂ ಬರುವುದಿಲ್ಲ ಅಂತ ಅವಳು ಚಿಕ್ಕಂದಿನಿಂದ ಕೇಳಿದ್ದಳಂತೆ. ಜಮೀನಿನ ಜಗಳ ಅಂತ ಮಾತ್ರ ದೊಡ್ಡವರು ಹೇಳಿದ್ದರು. ಪಾಲು ಹೇಗೆ ಆಯಿತು, ಎಷ್ಟು ಎಕರೆ ಹೋಯಿತು ಅಂತ ಅಜ್ಜಿ ಆವತ್ತೂ ಹೇಳಲಿಲ್ಲ. ‘ತೋಟ ಹೋಗಿದ್ದು ಆಮೇಲೆ. ಮೊದಲು ಹೋಗಿದ್ದು ಅದು’ ಅಂದರು.

ಆಮೇಲೆ ಅವಳಿಗೆ ಒಂದು ಅನುಮಾನ ಬಂತು. ತಾನು ಹುಟ್ಟಿದಾಗಿನಿಂದ ಅಜ್ಜಿಗೆ ನೀನು ಅಂತಲೇ ಅನ್ನುತ್ತಿದ್ದೇನಲ್ಲ, ನೀವು ಅನ್ನಬೇಕಿತ್ತಾ ಅಂತ ಕೇಳಿದಳು. ಸ್ಪೀಕರ್ ಹಾಕಿದ್ದರಿಂದ ನಾವೆಲ್ಲ ಕೇಳಿಸಿಕೊಂಡೆವು. ಅಜ್ಜಿ ನಕ್ಕುಬಿಟ್ಟರು. ‘ನೀವು ಅಂತ ಏನಾದ್ರೂ ಅಂದ್ಯೋ, ಫೋನ್ ಇಡ್ತೀನಿ ನೋಡು’ ಅಂದರು.

ಅವಳ ತಮ್ಮಂದಿರು ಈಗ ಪುಟ ಓದಿದ್ದಾರೆ. ದೊಡ್ಡವನು ಮುಂದೇನಾಯಿತು, ಕೀ ಕೊಟ್ಟಳಾ ಅಂತ ಕೇಳಿದ್ದಾನೆ. 143ನೇ ಪುಟದ ಫೋಟೋ ಹೋದ ವಾರ ಬಂದಿದೆ. ಅದು ಬಲಗಡೆಯ ಪುಟ, ಈ ಸಲ ಸಾಲುಗಳ ಮೊದಲ ಅಕ್ಷರಗಳು ನೆರಳಿನಲ್ಲಿವೆ, ಕ್ರಿಯಾಪದದ ಬಾಲಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿವೆ. ಅನುಮಾನದ ಜಾಗಗಳಿಗೆ ಸಂಖ್ಯೆ ಹಾಕಿ ಮುಗಿಸಿದ್ದೇವೆ, ಒಂಬತ್ತು ಬಂದಿವೆ.